ಬಂಡವಾಳ ಲಾಭದ ಎಣಿಕೆ ಯಾವ ದಿನದಿಂದ ಶುರು? ಷೇರು, ಡೆಟ್ ಫಂಡ್, ಚಿನ್ನ, ಜಮೀನಿನ ಲೆಕ್ಕ

ಆಸ್ತಿ ಮಾರಿ ಬಂದ ಲಾಭ ದೀರ್ಘಾವಧಿಯದ್ದೋ ಅಲ್ಪಾವಧಿಯದ್ದೋ ಎಂಬುದರ ಮೇಲೆ ಅದರ ತೆರಿಗೆ ನಿಂತಿದೆ. ಎಷ್ಟು ಕಾಲ ಇಟ್ಟುಕೊಂಡರೆ ದೀರ್ಘಾವಧಿ ಎಂಬುದಕ್ಕೆ 2024ರ ಜುಲೈ 23ರ ಬಜೆಟ್ ಬರುವವರೆಗೂ ಆಸ್ತಿಗೊಂದು ಅವಧಿ ಇತ್ತು. ಪೇಟೆಯಲ್ಲಿ ಲಿಸ್ಟ್ ಆದ ಷೇರು ಮತ್ತು ಈಕ್ವಿಟಿ ಫಂಡಿಗೆ 12 ತಿಂಗಳು, ಜಮೀನು ಮನೆಗಳಿಗೆ 24 ತಿಂಗಳು, ಚಿನ್ನ ಮತ್ತು ಹಳೆಯ ಡೆಟ್ ಫಂಡಿಗೆ 36 ತಿಂಗಳು. ಅಂದಿನಿಂದ 36ರ ಲೆಕ್ಕ ಹೋಯಿತು. ಲಿಸ್ಟ್ ಆದ ಷೇರು, ಬಾಂಡ್, ಯೂನಿಟ್‌ಗಳಿಗೂ ಈಕ್ವಿಟಿ ಫಂಡಿಗೂ 12 ತಿಂಗಳು, ಉಳಿದದ್ದಕ್ಕೆಲ್ಲ 24 ತಿಂಗಳು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ಈ ಅವಧಿಗಳು ಹಾಗೇ ಇವೆ.

ಇಷ್ಟು ಸರಳವಾದ ಮೇಲೆ ಗೊಂದಲ ಮುಗಿಯಬೇಕಿತ್ತು. ಆದರೆ ಮುಂಬೈ, ಪುಣೆಯ ತೆರಿಗೆ ಸಲಹೆಗಾರರ ಬಳಿ ಈಗಲೂ ಬರುವ ತಕರಾರುಗಳಲ್ಲಿ ಬಹುಪಾಲು ತಿಂಗಳ ಸಂಖ್ಯೆಯ ಬಗ್ಗೆ ಇರುವುದಿಲ್ಲ. ಎಣಿಕೆ ಯಾವ ದಿನ ಶುರುವಾಯಿತು, ಯಾವ ದಿನ ನಿಂತಿತು ಎಂಬುದರ ಬಗ್ಗೆ ಇರುತ್ತವೆ. ಒಂದೇ ಮನೆಯ ಷೇರಿಗೆ, ಬಳೆಗೆ, ಸೈಟಿಗೆ ಈ ಎರಡು ದಿನಗಳನ್ನು ಕಾನೂನು ಬೇರೆಬೇರೆ ರೀತಿಯಲ್ಲಿ ಗುರುತಿಸುತ್ತದೆ. ಮನೆಯವರು ನೆನಪಿಟ್ಟುಕೊಂಡಿರುವ ದಿನ ಹಲವು ಬಾರಿ ಕಾನೂನಿನ ದಿನವಾಗಿರುವುದಿಲ್ಲ.

ಮೊದಲು ದಿನದ ಲೆಕ್ಕ ನೋಡೋಣ. ಮಾರಾಟದ ದಿನಕ್ಕೆ ಹಿಂದಿನ 12 ತಿಂಗಳಿಗಿಂತ ಹೆಚ್ಚು ಕಾಲ ಕೈಯಲ್ಲಿದ್ದರೆ ಮಾತ್ರ ಷೇರು ದೀರ್ಘಾವಧಿಯದ್ದು. 2025ರ ಫೆಬ್ರವರಿ 10ರಂದು ಕೊಂಡ ಷೇರನ್ನು 2026ರ ಫೆಬ್ರವರಿ 10ರಂದು ಮಾರಿದರೆ ಸರಿಯಾಗಿ 12 ತಿಂಗಳಾಗುತ್ತದೆ, ಹೆಚ್ಚಾಗುವುದಿಲ್ಲ. ಅದು ಅಲ್ಪಾವಧಿಯೇ. ಫೆಬ್ರವರಿ 11ರಂದು ಮಾರಿದರೆ ದೀರ್ಘಾವಧಿ. ಷೇರು ಡಿಮ್ಯಾಟ್ ಖಾತೆಗೆ ಮರುದಿನ ಬಂತು, ಹಣ ಮರುದಿನ ಜಮೆಯಾಯಿತು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಷೇರುಪೇಟೆಯ ಮೂಲಕ ಕೊಂಡು ಮಾರಿದರೆ ಬ್ರೋಕರ್ ಕೊಡುವ ಕಾಂಟ್ರಾಕ್ಟ್ ನೋಟಿನ ದಿನವೇ ಕೊಂಡ ದಿನ, ಅದೇ ಮಾರಿದ ದಿನ ಎಂದು ನೇರ ತೆರಿಗೆಗಳ ಮಂಡಳಿ 1995ರ ಸುತ್ತೋಲೆಯಲ್ಲೇ ಹೇಳಿದೆ.

ಒಂದೇ ಕಂಪನಿಯ ಷೇರನ್ನು ಹಲವು ಬಾರಿ ಕೊಂಡಿದ್ದರೆ ಯಾವುದು ಮೊದಲು ಹೋಯಿತು ಎಂದು ನೀವು ಆರಿಸುವಂತಿಲ್ಲ. ಮೊದಲು ಬಂದದ್ದು ಮೊದಲು ಹೋಗುತ್ತದೆ. ಈ ನಿಯಮ ಪ್ರತಿ ಡಿಮ್ಯಾಟ್ ಖಾತೆಗೂ ಪ್ರತ್ಯೇಕ. ಎರಡು ಖಾತೆ ಇದ್ದವರು ಯಾವ ಖಾತೆಯಿಂದ ಮಾರಬೇಕೆಂದು ತೀರ್ಮಾನಿಸಬಹುದು, ಒಂದು ಖಾತೆಯೊಳಗೆ ಮಾತ್ರ ಆಯ್ಕೆ ಇಲ್ಲ.

ಈ ನಿಯಮ ಬೋನಸ್ ಷೇರಿನ ಜೊತೆ ಸೇರಿದಾಗ ಏನಾಗುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಹೆಚ್ಚಿನ ಹೂಡಿಕೆದಾರರು ಪೆಟ್ಟು ತಿನ್ನುವುದು ಇಲ್ಲೇ. ಡೊಂಬಿವಲಿಯಲ್ಲಿರುವ ಒಬ್ಬರು 2025ರ ಫೆಬ್ರವರಿ 10ರಂದು ಒಂದು ಕಂಪನಿಯ 100 ಷೇರನ್ನು ತಲಾ 1,000 ರೂಪಾಯಿಗೆ ಕೊಂಡರು ಎಂದಿಟ್ಟುಕೊಳ್ಳಿ. ಹೂಡಿದ್ದು 1 ಲಕ್ಷ. ಅಕ್ಟೋಬರ್ 15ರಂದು ಕಂಪನಿ ಒಂದಕ್ಕೊಂದು ಬೋನಸ್ ಹಂಚಿತು. ಈಗ 200 ಷೇರು, ಬೆಲೆ ಸುಮಾರು ಅರ್ಧಕ್ಕೆ ಇಳಿದು 560ಕ್ಕೆ ನಿಂತಿದೆ. ಎಲ್ಲವನ್ನೂ ಮಾರಿದರೆ ಬರುವುದು 1,12,000. ನಿಜವಾದ ಲಾಭ 12,000 ರೂಪಾಯಿ.

ಕಾನೂನು ಇದನ್ನು ಹೀಗೆ ಒಟ್ಟಾಗಿ ನೋಡುವುದಿಲ್ಲ. ಬೋನಸ್ ಷೇರಿನ ಎಣಿಕೆ ಅದು ಹಂಚಿಕೆಯಾದ ದಿನದಿಂದ ಹೊಸದಾಗಿ ಶುರು, ಅದರ ಅಸಲು ಬೆಲೆ ಸೊನ್ನೆ. ಮೂಲ ಷೇರಿನ ಅಸಲು ಪೂರ್ತಿ 1,000 ರೂಪಾಯಿಯೇ. ಈ ವ್ಯಕ್ತಿ "ಒಂದು ವರ್ಷ ದಾಟಿತು" ಎಂದು 2026ರ ಫೆಬ್ರವರಿ 12ರಂದು 200 ಷೇರನ್ನೂ ಮಾರಿದರೆ, ಮೂಲ 100 ಷೇರಿನಲ್ಲಿ 44,000 ರೂಪಾಯಿ ದೀರ್ಘಾವಧಿ ನಷ್ಟ, ಬೋನಸ್ 100 ಷೇರಿನಲ್ಲಿ 56,000 ರೂಪಾಯಿ ಅಲ್ಪಾವಧಿ ಲಾಭ. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದ ಎದುರು ಮಾತ್ರ ಕಳೆಯಬಹುದು, ಅಲ್ಪಾವಧಿ ಲಾಭದ ಎದುರು ಕಳೆಯುವಂತಿಲ್ಲ. ಹಾಗಾಗಿ 56,000ಕ್ಕೂ ಶೇ 20ರಂತೆ 11,200 ತೆರಿಗೆ, ಶೇ 4 ಸೆಸ್ ಸೇರಿ 11,648 ರೂಪಾಯಿ. ಗಳಿಸಿದ್ದು 12,000, ಕೈಯಲ್ಲುಳಿದದ್ದು 352.

ಇದೇ ಷೇರುಗಳನ್ನು ಎರಡು ದಿನ ಮೊದಲು, ಫೆಬ್ರವರಿ 10ರಂದು ಇದೇ ಬೆಲೆಗೆ ಮಾರಿದ್ದರೆ ಎರಡೂ ಅಲ್ಪಾವಧಿಯವೇ. 56,000ದಿಂದ 44,000 ಕಳೆದು ಉಳಿದ 12,000ಕ್ಕೆ ಶೇ 20, ಸೆಸ್ ಸೇರಿ 2,496 ರೂಪಾಯಿಯಲ್ಲಿ ಮುಗಿಯುತ್ತಿತ್ತು. ಅಥವಾ ಬೋನಸಿಗೂ ವರ್ಷ ತುಂಬಿ ಒಂದು ದಿನ ದಾಟುವವರೆಗೆ, ಅಂದರೆ 2026ರ ಅಕ್ಟೋಬರ್ 16ರವರೆಗೆ ಕಾದು ಒಟ್ಟಿಗೆ ಮಾರಿದ್ದರೆ ಎರಡೂ ದೀರ್ಘಾವಧಿ. ಬೆಲೆ ಅಷ್ಟೇ ಇದ್ದರೆ ನಿವ್ವಳ ಲಾಭ 12,000, ಬೇರೆ ದೀರ್ಘಾವಧಿ ಲಾಭ ಇಲ್ಲದಿದ್ದರೆ ವರ್ಷಕ್ಕೆ 1.25 ಲಕ್ಷದ ವಿನಾಯಿತಿಯೊಳಗೆ ಬಂದು ತೆರಿಗೆಯೇ ಇಲ್ಲ. ನಡುವಿನ ಎಂಟು ತಿಂಗಳು ಮಾತ್ರ ಕೆಟ್ಟ ಕಾಲ. ಆ ಕಾಲದಲ್ಲಿ ಮಾರಲೇಬೇಕಾಗಿ ಬಂದವರು ಕನಿಷ್ಠ ರಿಟರ್ನನ್ನು ಗಡುವಿನೊಳಗೆ ಸಲ್ಲಿಸಬೇಕು. ಆಗ 44,000ದ ನಷ್ಟವನ್ನು ಮುಂದಿನ ಎಂಟು ವರ್ಷ ಒಯ್ದು ಬೇರೆ ದೀರ್ಘಾವಧಿ ಲಾಭದಲ್ಲಿ ಕಳೆಯಬಹುದು. ತಡವಾಗಿ ಸಲ್ಲಿಸಿದರೆ ಆ ಹಕ್ಕೂ ಹೋಗುತ್ತದೆ.

ಇದರಿಂದ ತಿಳಿಯುವ ಇನ್ನೊಂದು ವಿಷಯ: ನಷ್ಟದಲ್ಲಿರುವ ಷೇರನ್ನು ಹೇಗೂ ಮಾರುವುದೇ ಆದರೆ 12 ತಿಂಗಳು ತುಂಬುವ ಮೊದಲೇ ಮಾರುವುದು ಮೇಲು. ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಲಾಭದ ಎದುರು ಕಳೆಯಬಹುದು. ವರ್ಷ ದಾಟಿದ ಮರುದಿನ ಅದೇ ನಷ್ಟದ ಬಳಕೆ ಅರ್ಧಕ್ಕೆ ಇಳಿಯುತ್ತದೆ. ಬೋನಸ್ ಘೋಷಣೆಯಾದ ಮೇಲೆ ಷೇರು ಕೊಂಡು, ಬೋನಸ್ ಇಟ್ಟುಕೊಂಡು ಮೂಲ ಷೇರನ್ನು ನಷ್ಟಕ್ಕೆ ಮಾರುವ ಉಪಾಯ ಮಾತ್ರ ನಡೆಯುವುದಿಲ್ಲ. ಬೋನಸ್ ಯಾರಿಗೆ ಸಲ್ಲಬೇಕೆಂದು ಕಂಪನಿ ಗುರುತಿಸುವ ದಾಖಲೆ ದಿನಕ್ಕೆ ಮುಂಚಿನ ಮೂರು ತಿಂಗಳಲ್ಲಿ ಕೊಂಡು, ನಂತರದ ಒಂಬತ್ತು ತಿಂಗಳೊಳಗೆ ಮೂಲ ಷೇರು ಮಾರಿದರೆ ಆ ನಷ್ಟವನ್ನು ಕಾನೂನು ಒಪ್ಪುವುದಿಲ್ಲ.

ಕಂಪನಿ ವಿಭಜನೆಯಾದಾಗ ನಿಯಮ ಬೋನಸಿಗೆ ತದ್ವಿರುದ್ಧ. 2025ರ ಜನವರಿಯಲ್ಲಿ ಐಟಿಸಿಯಿಂದ ಐಟಿಸಿ ಹೋಟೆಲ್ಸ್ ಬೇರೆಯಾಯಿತು. 2015ರಲ್ಲಿ ಐಟಿಸಿ ಕೊಂಡವರ ಕೈಗೆ ಬಂದ ಹೋಟೆಲ್ಸ್ ಷೇರಿನ ವಯಸ್ಸೂ 2015ರಿಂದಲೇ. ಹಳೆಯ ಅಸಲಿನಲ್ಲಿ ಒಂದು ಪಾಲು ಹೊಸ ಷೇರಿಗೆ ಹೋಗುತ್ತದೆ. ಮೊಬೈಲ್ ಆ್ಯಪಿನಲ್ಲಿ ಇಂಥ ಷೇರಿನ ಎದುರು ಡಿಮ್ಯಾಟಿಗೆ ಬಂದ ದಿನವೂ ಸೊನ್ನೆ ಬೆಲೆಯೂ ಕಂಡರೆ ಅದನ್ನು ಹಾಗೇ ರಿಟರ್ನಿಗೆ ತುಂಬಬೇಡಿ. ಖಾತೆಯನ್ನು ಒಬ್ಬ ಬ್ರೋಕರಿನಿಂದ ಇನ್ನೊಬ್ಬರಲ್ಲಿಗೆ ಒಯ್ದಿದ್ದರೂ ಇದೇ ಎಚ್ಚರಿಕೆ ಬೇಕು. ನಿಮ್ಮ ಖಾತೆಯಿಂದ ನಿಮ್ಮದೇ ಖಾತೆಗೆ ಸಾಗಿಸಿದ್ದು ಮಾರಾಟವಲ್ಲ, ಮೂಲ ದಿನ ಅಳಿಯುವುದಿಲ್ಲ.

ಡೆಟ್ ಫಂಡಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಯೂನಿಟ್ ಕೊಂಡದ್ದು 2023ರ ಏಪ್ರಿಲ್ 1ಕ್ಕಿಂತ ಮೊದಲೋ ನಂತರವೋ? ನಂತರ ಕೊಂಡದ್ದಾದರೆ ಹತ್ತು ವರ್ಷ ಇಟ್ಟರೂ ಅದು ಅಲ್ಪಾವಧಿಯೇ, ಲಾಭವೆಲ್ಲ ನಿಮ್ಮ ಸ್ಲ್ಯಾಬಿಗೆ ಸೇರುತ್ತದೆ. ಮೊದಲು ಕೊಂಡದ್ದಾದರೆ 24 ತಿಂಗಳು ಎಂದೋ ದಾಟಿದೆ, ಈಗ ಮಾರಿದರೆ ಇಂಡೆಕ್ಸೇಶನ್ ಇಲ್ಲದೆ, ಅಂದರೆ ಬೆಲೆಯೇರಿಕೆಗೆ ತಕ್ಕಂತೆ ಅಸಲನ್ನು ಏರಿಸಿಕೊಳ್ಳದೆ, ಶೇ 12.5. ಶೇ 30ರ ಸ್ಲ್ಯಾಬಿನವರಿಗೆ 3 ಲಕ್ಷ ಲಾಭದ ಮೇಲೆ ಇದು 37,500 ಮತ್ತು 90,000ದ ನಡುವಿನ ಅಂತರ.

ಹಳೆಯ ಯೂನಿಟ್‌ಗಳನ್ನು ಕಾಪಾಡಿಕೊಳ್ಳಬೇಕಾದ ಕಾರಣ ಇದೇ. ಕಮಿಷನ್ ಉಳಿಸಲೆಂದು ರೆಗ್ಯುಲರ್ ಪ್ಲಾನಿನಿಂದ ಡೈರೆಕ್ಟ್ ಪ್ಲಾನಿಗೆ ಬದಲಾಯಿಸುವವರು ಬಹಳ. ಫಂಡ್ ಅದೇ, ಹಣವೂ ಹೊರಗೆ ಬಂದಿಲ್ಲ, ಆದರೆ ಕಾನೂನಿನ ಕಣ್ಣಿನಲ್ಲಿ ಅದು ಮಾರಿ ಹೊಸದಾಗಿ ಕೊಂಡಂತೆ. 2020ರ ಯೂನಿಟನ್ನು ಇಂದು ಹಾಗೆ ಬದಲಾಯಿಸಿದರೆ ಇಂದೇ ತೆರಿಗೆ ಹುಟ್ಟುತ್ತದೆ, ಹೊಸ ಯೂನಿಟ್ ಶಾಶ್ವತವಾಗಿ ಅಲ್ಪಾವಧಿಯ ಗುಂಪಿಗೆ ಸೇರುತ್ತದೆ. ಡೆಟ್ ಫಂಡಿನಿಂದ ತಿಂಗಳು ತಿಂಗಳು ಈಕ್ವಿಟಿ ಫಂಡಿಗೆ ಹಣ ಸಾಗಿಸುವವರಿಗೂ ಪ್ರತಿ ತಿಂಗಳದ್ದು ಒಂದು ಮಾರಾಟ. ಎಸ್‌ಐಪಿಯಲ್ಲಂತೂ ಪ್ರತಿ ಕಂತಿಗೂ ತನ್ನದೇ ಹುಟ್ಟಿದ ದಿನ.

ಚಿನ್ನಕ್ಕೆ ಬಂದರೆ, ಒಡವೆ, ನಾಣ್ಯ, ಆ್ಯಪಿನಲ್ಲಿ ಕೊಳ್ಳುವ ಡಿಜಿಟಲ್ ಚಿನ್ನ ಎಲ್ಲಕ್ಕೂ 24 ತಿಂಗಳು. ಷೇರುಪೇಟೆಯಲ್ಲಿ ಲಿಸ್ಟ್ ಆದ ಚಿನ್ನದ ಇಟಿಎಫ್ ಮಾತ್ರ 12 ತಿಂಗಳಿಗೆ ದೀರ್ಘಾವಧಿ. ಅದೇ ಇಟಿಎಫಿನಲ್ಲಿ ಹಣ ಹೂಡುವ ಚಿನ್ನದ ಫಂಡ್ ಲಿಸ್ಟ್ ಆಗಿರುವುದಿಲ್ಲ, ಅದಕ್ಕೆ 24. ಈ ಎರಡನ್ನೂ ಕೆಲವು ಕಾಲ ಡೆಟ್ ಫಂಡಿನ ಜೊತೆ ಸೇರಿಸಿದ್ದರು. 2025ರ ಏಪ್ರಿಲ್ 1ರಿಂದ ಆ ವ್ಯಾಖ್ಯೆ ಬದಲಾಗಿ ಅವು ಹೊರಬಂದಿವೆ.

ತಾಯಿಯಿಂದ ಬಂದ ಒಡವೆಗೆ ತಾಯಿ ಕೊಂಡ ದಿನದಿಂದಲೇ ಎಣಿಕೆ, ಮಗಳ ಕೈಗೆ ಬಂದ ದಿನದಿಂದ ಅಲ್ಲ. ಉಡುಗೊರೆಗೂ ಉಯಿಲಿಗೂ ಇದೇ ನಿಯಮ. ಆದರೆ ಆ ಹಳೆಯ ಬಳೆಯನ್ನು ಅಂಗಡಿಗೆ ಕೊಟ್ಟು ಹೊಸ ಸರ ತಂದರೆ ಬಳೆಯನ್ನು ಅಂದೇ ಮಾರಿದಂತೆ, ಸರದ ವಯಸ್ಸು ಅಂದಿನಿಂದ ಶುರು. ಬಿಲ್ಲಿನಲ್ಲಿ ಹಳೆಯ ಚಿನ್ನದ ಬೆಲೆಯನ್ನು ಕಳೆದು ತೋರಿಸಿರುತ್ತಾರಲ್ಲ, ಅದೇ ಮಾರಾಟದ ಸಾಕ್ಷಿ. ಅಂಗಡಿಯ ಮಾಸಿಕ ಕಂತಿನ ಯೋಜನೆಯಲ್ಲೂ ಕಂತು ಕಟ್ಟಲು ಶುರುಮಾಡಿದ ದಿನಕ್ಕೆ ಬೆಲೆಯಿಲ್ಲ, ಒಡವೆಯ ಬಿಲ್ ಆದ ದಿನದಿಂದಲೇ ಎಣಿಕೆ.

ಚಿನ್ನದ ವಿಷಯದಲ್ಲಿ ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ದೀರ್ಘಾವಧಿ ಎಂದರೆ ಯಾವಾಗಲೂ ಕಡಿಮೆ ತೆರಿಗೆ ಎಂಬ ನಂಬಿಕೆ ತಪ್ಪು. ಲಿಸ್ಟ್ ಆದ ಷೇರಿನ ಅಲ್ಪಾವಧಿ ಲಾಭಕ್ಕೆ ಶೇ 20ರ ಪ್ರತ್ಯೇಕ ದರವಿದೆ, ಚಿನ್ನದ್ದಕ್ಕೆ ಮತ್ತು ಜಮೀನಿನದ್ದಕ್ಕೆ ಹಾಗಿಲ್ಲ, ಅದು ಮಾಮೂಲಿ ಆದಾಯದ ಜೊತೆ ಸ್ಲ್ಯಾಬಿಗೆ ಸೇರುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ಸಿಗುವ ರಿಯಾಯಿತಿ ಸ್ಲ್ಯಾಬಿನ ತೆರಿಗೆಗೆ ಅನ್ವಯಿಸುತ್ತದೆ, ಶೇ 12.5ರಂಥ ವಿಶೇಷ ದರದ ತೆರಿಗೆಗೆ ಇಲ್ಲ.

ಪುಣೆಯಲ್ಲಿರುವ ಒಬ್ಬ ನಿವೃತ್ತರ ತೆರಿಗೆಗೊಳಪಡುವ ಪಿಂಚಣಿ ವರ್ಷಕ್ಕೆ 5 ಲಕ್ಷ. 2024ರ ನವೆಂಬರಿನಲ್ಲಿ 2.4 ಲಕ್ಷಕ್ಕೆ ಕೊಂಡ ನಾಣ್ಯಗಳಿಗೆ ಈಗ 4.4 ಲಕ್ಷ ಬರುತ್ತದೆ. 24 ತಿಂಗಳಾಗುವ ಮೊದಲು ಮಾರಿದರೆ 2 ಲಕ್ಷ ಲಾಭ ಪಿಂಚಣಿಗೆ ಸೇರಿ ಒಟ್ಟು 7 ಲಕ್ಷ, ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ. "ಎರಡು ವರ್ಷ ತುಂಬಲಿ" ಎಂದು ಕಾದು ಮಾರಿದರೆ ಅದೇ 2 ಲಕ್ಷಕ್ಕೆ ಶೇ 12.5, ಸೆಸ್ ಸೇರಿ 26,000 ರೂಪಾಯಿ. ಕಾದದ್ದಕ್ಕೆ ಇಲ್ಲಿ ದಂಡ. ಶೇ 30ರ ಸ್ಲ್ಯಾಬಿನ ಮಗ ತನ್ನ ಅನುಭವದಿಂದ ಅಪ್ಪನಿಗೆ ಕಾಯಲು ಹೇಳಿದರೆ ಆಗುವ ನಷ್ಟ ಇದು.

ಇನ್ನು ಜಮೀನು, ಮನೆ. ಮುಂಬೈಯ ಕನ್ನಡಿಗರಲ್ಲಿ ಅನೇಕರಿಗೆ ಊರಿನಲ್ಲಿ ಪಿತ್ರಾರ್ಜಿತ ಜಾಗವಿದೆ. ತಂದೆ ತೀರಿಹೋದ ಮೇಲೆ ಪಹಣಿಯಲ್ಲಿ ಹೆಸರು ಬದಲಾಗಲು ವರ್ಷಗಳೇ ಹಿಡಿಯುತ್ತವೆ. ಹೆಸರು ಬಂದು ಎರಡು ವರ್ಷವಾಗಿಲ್ಲವೆಂದು ಮಾರಾಟ ಮುಂದೂಡುವವರಿದ್ದಾರೆ. ಅದರ ಅಗತ್ಯವಿಲ್ಲ. ತಂದೆ ಕೊಂಡ ಅಥವಾ ಅವರಿಗೆ ಹಿರಿಯರಿಂದ ಬಂದ ಕಾಲವೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. ಮಹಾರಾಷ್ಟ್ರದ ಸಾತ್‌ಬಾರಾ ಉತಾರೆಯಾಗಲಿ, ಗೋವಾದ ಫಾರ್ಮ್ 1 ಮತ್ತು 14 ಆಗಲಿ, ಊರಿನ ಪಹಣಿಯಾಗಲಿ, ಅದರಲ್ಲಿ ಹೆಸರು ಸೇರಿದ ದಿನಕ್ಕೂ ಈ ಎಣಿಕೆಗೂ ಸಂಬಂಧವಿಲ್ಲ. ಬೇಕಾದದ್ದು ಹಿಂದಿನ ಮಾಲೀಕರ ಮೂಲ ಪತ್ರ.

ಸೈಟ್ ಹಳೆಯದು, ಮನೆ ಹೊಸದು ಎಂಬ ಸಂದರ್ಭದಲ್ಲಿ ತಪ್ಪು ಹೆಚ್ಚು. ಜಮೀನು ಮತ್ತು ಅದರ ಮೇಲಿನ ಕಟ್ಟಡವನ್ನು ಎರಡು ಆಸ್ತಿಗಳಾಗಿ ನೋಡಬೇಕೆಂದು ಕರ್ನಾಟಕ ಹೈಕೋರ್ಟ್, ಬಾಂಬೆ ಹೈಕೋರ್ಟ್ ಎರಡೂ ಹೇಳಿವೆ. ಪುಣೆ ಹತ್ತಿರದ ತಳೇಗಾಂವ್‌ನಲ್ಲಿ 2019ರ ಜೂನಿನಲ್ಲಿ 30 ಲಕ್ಷಕ್ಕೆ ಕೊಂಡ ಸೈಟು, 2024ರ ನವೆಂಬರಿನಲ್ಲಿ 40 ಲಕ್ಷ ಹಾಕಿ ಕಟ್ಟಿ ಮುಗಿಸಿದ ಮನೆ, 2026ರ ಜನವರಿಯಲ್ಲಿ ಒಟ್ಟು 1 ಕೋಟಿ 10 ಲಕ್ಷಕ್ಕೆ ಮಾರಾಟ ಎಂದುಕೊಳ್ಳಿ. ನೋಂದಾಯಿತ ಮೌಲ್ಯಮಾಪಕರು ಮಾರಾಟದ ಹಣದಲ್ಲಿ ಜಮೀನಿನ ಪಾಲು 65 ಲಕ್ಷ, ಕಟ್ಟಡದ ಪಾಲು 45 ಲಕ್ಷ ಎಂದು ವರದಿ ಕೊಟ್ಟರು.

ಜಮೀನಿನ ಲಾಭ 35 ಲಕ್ಷ, ಅದು ದೀರ್ಘಾವಧಿ. 2024ರ ಜುಲೈ 23ಕ್ಕೆ ಮೊದಲು ಕೊಂಡ ಜಮೀನಾದ್ದರಿಂದ ದೇಶದ ನಿವಾಸಿ ವ್ಯಕ್ತಿಗೆ ಎರಡು ಲೆಕ್ಕಗಳಲ್ಲಿ ಕಡಿಮೆ ತೆರಿಗೆಯದ್ದು ಸಿಗುತ್ತದೆ. ಇಂಡೆಕ್ಸೇಶನ್ ಇಲ್ಲದೆ ಶೇ 12.5 ಎಂದರೆ 4.38 ಲಕ್ಷ. ಇಂಡೆಕ್ಸೇಶನ್ ಮಾಡಿದರೆ 2019-20ರ ಸೂಚ್ಯಂಕ 289, 2025-26ರದ್ದು 376. ಅಸಲು ಸುಮಾರು 39.03 ಲಕ್ಷಕ್ಕೆ ಏರಿ, ಉಳಿದ 25.97 ಲಕ್ಷಕ್ಕೆ ಶೇ 20ರಂತೆ 5.19 ಲಕ್ಷ. ಇಲ್ಲಿ ಮೊದಲನೆಯದೇ ಅನುಕೂಲ. ಕಟ್ಟಡದ 5 ಲಕ್ಷ ಲಾಭಕ್ಕೆ ಹದಿನಾಲ್ಕು ತಿಂಗಳಷ್ಟೇ ಆಗಿರುವುದರಿಂದ ಅಲ್ಪಾವಧಿ, ಶೇ 30ರ ಸ್ಲ್ಯಾಬಿನಲ್ಲಿ 1.5 ಲಕ್ಷ. ಸೆಸ್, ಸರ್ಚಾರ್ಜ್ ಬಿಟ್ಟು ಒಟ್ಟು 5.88 ಲಕ್ಷ. ಎಲ್ಲವನ್ನೂ ಹೊಸ ಮನೆಯ ದಿನದಿಂದ ಎಣಿಸಿ ಅಲ್ಪಾವಧಿ ಎಂದು ತೋರಿಸಿದ್ದರೆ 12 ಲಕ್ಷ ಕಟ್ಟಬೇಕಿತ್ತು. ಎಲ್ಲವನ್ನೂ ಸೈಟಿನ ದಿನದಿಂದ ಎಣಿಸಿದ್ದರೆ 5 ಲಕ್ಷ, ಆದರೆ ಪರಿಶೀಲನೆಗೆ ಹೋದಾಗ ಅದು ನಿಲ್ಲುವುದು ಕಷ್ಟ. ಮಾರುವ ಮೊದಲೇ ಮೌಲ್ಯಮಾಪಕರ ವರದಿ, ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ, ಕಂಟ್ರಾಕ್ಟರಿಗೆ ಬ್ಯಾಂಕ್ ಮೂಲಕ ಕೊಟ್ಟ ಹಣದ ದಾಖಲೆ ಇಟ್ಟುಕೊಂಡರೆ ಈ ವಿಂಗಡಣೆ ಗಟ್ಟಿಯಾಗಿ ನಿಲ್ಲುತ್ತದೆ.

ಮುಂಬೈಯಲ್ಲಿ ಸೈಟಿಗಿಂತ ಕಟ್ಟುತ್ತಿರುವ ಕಟ್ಟಡದ ಫ್ಲ್ಯಾಟೇ ಹೆಚ್ಚು. ಅದಕ್ಕೆ ಬಿಲ್ಡರ್ ಕೊಡುವ ಅಲಾಟ್‌ಮೆಂಟ್ ಪತ್ರ, ನೋಂದಣಿಯಾದ ಅಗ್ರಿಮೆಂಟ್, ಕೀಲಿ ಕೈಗೆ ಬಂದ ದಿನ ಎಂದು ಮೂರು ದಿನಗಳಿರುತ್ತವೆ. ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಫ್ಲ್ಯಾಟುಗಳಿಗೆ ಅಲಾಟ್‌ಮೆಂಟ್ ದಿನವೇ ಲೆಕ್ಕ ಎಂದು ಮಂಡಳಿ 1986ರಲ್ಲಿ ಸುತ್ತೋಲೆ ಹೊರಡಿಸಿತ್ತು. 1993ರಲ್ಲಿ ಸಹಕಾರ ಸಂಘಗಳ ಅಂಥದೇ ಯೋಜನೆಗಳಿಗೂ ಅದನ್ನು ವಿಸ್ತರಿಸಿತು. ಖಾಸಗಿ ಬಿಲ್ಡರಿಗೂ ಅದೇ ತತ್ವ ಸಲ್ಲುತ್ತದೆ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿತು, ಇಲಾಖೆಯ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಹಾಗಾಗಿ ಮಹಾರಾಷ್ಟ್ರ, ಗೋವಾದ ತೆರಿಗೆದಾರರಿಗೆ ಅಲಾಟ್‌ಮೆಂಟ್ ಪತ್ರದ ದಿನ ಬಲವಾದ ಆಧಾರ. ಪತ್ರದಲ್ಲಿ ಫ್ಲ್ಯಾಟಿನ ಸಂಖ್ಯೆ, ಮಹಡಿ, ಒಟ್ಟು ಬೆಲೆ, ಅಂದು ಕೊಟ್ಟ ಹಣ ಸ್ಪಷ್ಟವಾಗಿ ಇರಬೇಕು. "ಯೋಜನೆಯಲ್ಲಿ ಒಂದು ಫ್ಲ್ಯಾಟಿಗಾಗಿ" ಎಂದಷ್ಟೇ ಬರೆದ ಬುಕಿಂಗ್ ರಸೀದಿಯನ್ನು ಹಿಡಿದು ವಾದಿಸುವುದು ಕಷ್ಟ, ಏಕೆಂದರೆ ಯಾವ ಫ್ಲ್ಯಾಟಿನ ಮೇಲೆ ಹಕ್ಕು ಹುಟ್ಟಿತು ಎಂಬುದೇ ಅದರಲ್ಲಿಲ್ಲ.

ಎಣಿಕೆ ನಿಲ್ಲುವ ದಿನದಲ್ಲೂ ಜಮೀನು, ಮನೆಗೆ ಒಂದು ಬಲೆ ಇದೆ. ಟೋಕನ್ ಹಣ ಪಡೆದ ಮಾತ್ರಕ್ಕೆ ಮಾರಾಟವಾಗುವುದಿಲ್ಲ. ಆದರೆ ಅಗ್ರಿಮೆಂಟ್ ನೋಂದಣಿ ಮಾಡಿಸಿ, ಅದರ ಪ್ರಕಾರ ಕೊಳ್ಳುವವರಿಗೆ ಸ್ವಾಧೀನ ಕೊಟ್ಟರೆ ಅಂದೇ ವರ್ಗಾವಣೆ ಆದಂತೆ, ಅಂತಿಮ ಕ್ರಯಪತ್ರ ಆರು ತಿಂಗಳ ನಂತರ ಆಗಿದ್ದರೂ ಸರಿ. 23ನೇ ತಿಂಗಳಲ್ಲಿ ಕೊಳ್ಳುವವರು "ಗೃಹಪ್ರವೇಶಕ್ಕೆ ಮುಹೂರ್ತ ಇದೆ, ಕೀಲಿ ಕೊಡಿ" ಎಂದು ಕೇಳಿದಾಗ ಒಪ್ಪಿಕೊಂಡರೆ ದೀರ್ಘಾವಧಿಯ ದರವೂ ಹೋಗುತ್ತದೆ, ಲಾಭವನ್ನು ಇನ್ನೊಂದು ಮನೆಯಲ್ಲೋ ನಿಗದಿತ ಬಾಂಡಿನಲ್ಲೋ ಹೂಡಿ ತೆರಿಗೆ ಉಳಿಸುವ ದಾರಿಯೂ ಮುಚ್ಚುತ್ತದೆ, ಅದು ದೀರ್ಘಾವಧಿ ಲಾಭಕ್ಕೆ ಮಾತ್ರ ಇರುವುದು. ಅಂಥ ಸಮಯದಲ್ಲಿ 24 ತಿಂಗಳು ತುಂಬಿ ಒಂದು ದಿನ ದಾಟಿದ ನಂತರದ ತಾರೀಖನ್ನೇ ಸ್ವಾಧೀನದ ದಿನವೆಂದು ಅಗ್ರಿಮೆಂಟಿನಲ್ಲಿ ಬರೆಸಿ, ಕೀಲಿಯನ್ನೂ ಅಂದೇ ಕೊಟ್ಟು, ಸ್ವಾಧೀನ ಪತ್ರಕ್ಕೆ ಇಬ್ಬರೂ ಸಹಿ ಹಾಕಬೇಕು.